ಬಾಕಿ ವೆಚ್ಚ, ಮುಂಗಡ ವೆಚ್ಚಗಳಿಗೆ ಹೊಂದಾಣಿಕೆ ನಮೂದು ಏಕೆ?

"ಟ್ರಯಲ್ ಬ್ಯಾಲೆನ್ಸ್ ಎರಡೂ ಕಡೆ ಸರಿಯಾಗಿ ತಾಳೆಯಾಗಿದೆ. ಆದರೂ ಅಂತಿಮ ಲೆಕ್ಕಪತ್ರ ಮಾಡುವ ಮೊದಲು ಬಾಕಿ ವೆಚ್ಚ, ಮುಂಗಡ ವೆಚ್ಚ ಅಂತ ಹೊಂದಾಣಿಕೆ ನಮೂದು ಯಾಕೆ ಹಾಕಬೇಕು? ಹಣ ಕೊಟ್ಟಾಗ ಬರೆದುಕೊಂಡರೆ ಸಾಲದೇ?"

ಟ್ರಯಲ್ ಬ್ಯಾಲೆನ್ಸ್ ತಾಳೆಯಾದರೆ, ಬರೆದ ನಮೂದುಗಳಲ್ಲಿ ಡೆಬಿಟ್ಟೂ ಕ್ರೆಡಿಟ್ಟೂ ಸಮವಾಗಿವೆ ಎಂದಷ್ಟೇ ಅರ್ಥ. ಬರೆಯದೇ ಬಿಟ್ಟ ನಮೂದು ಎರಡೂ ಕಡೆಯಿಂದ ಒಟ್ಟಿಗೇ ಬಿಟ್ಟುಹೋಗಿರುತ್ತದೆ. ಹಾಗಾಗಿ ಒಂದು ತಿಂಗಳ ಸಂಬಳ ಪೂರ್ತಿ ಪುಸ್ತಕಕ್ಕೆ ಬಾರದಿದ್ದರೂ ಮೊತ್ತಗಳು ತಾಳೆಯಾಗುತ್ತವೆ. ಬಾಕಿ ವೆಚ್ಚದ ತೊಡಕು ಇಲ್ಲೇ ಇದೆ.

ದಿನನಿತ್ಯದ ಲೆಕ್ಕ ನಡೆಯುವುದು ಕಾಗದದ ಆಧಾರದ ಮೇಲೆ. ಬಿಲ್ ಬಂದಾಗ, ರಸೀದಿ ಸಿಕ್ಕಾಗ, ಬ್ಯಾಂಕಿನಿಂದ ಹಣ ಹೋದಾಗ ನಾವು ಬರೆಯುತ್ತೇವೆ. ಆದರೆ ಕೆಲವು ವೆಚ್ಚಗಳು ದಿನ ಕಳೆದಂತೆ ತಾವೇ ಬೆಳೆಯುತ್ತವೆ. ಸಾಲದ ಮೇಲಿನ ಬಡ್ಡಿ ಪ್ರತಿದಿನ ಏರುತ್ತದೆ, ನೌಕರರು ಪ್ರತಿದಿನ ದುಡಿಯುತ್ತಾರೆ, ವಿಮೆಯ ಅವಧಿ ಪ್ರತಿದಿನ ಸವೆಯುತ್ತದೆ. ಇವುಗಳಿಗೆ ದಿನವೂ ಯಾರೂ ವೋಚರ್ ಕಳಿಸುವುದಿಲ್ಲ. ವರ್ಷದ ಕೊನೆಯ ದಿನ ನಿಂತು, ಈ ವರ್ಷ ನಿಜವಾಗಿ ಬಳಸಿಕೊಂಡದ್ದೆಷ್ಟು, ಪುಸ್ತಕದಲ್ಲಿ ಬಂದಿರುವುದೆಷ್ಟು ಎಂದು ಹೋಲಿಸಿ ವ್ಯತ್ಯಾಸವನ್ನು ನಾವೇ ಬರೆಯಬೇಕು. ಅದೇ ಹೊಂದಾಣಿಕೆ ನಮೂದು. ಲಾಭ-ನಷ್ಟ ಖಾತೆಯಲ್ಲಿ ಒಂದು ವರ್ಷದ ಆದಾಯವನ್ನು ತೋರಿಸುವಾಗ ಅದರ ಎದುರಿಗೆ ಅದೇ ವರ್ಷದ ವೆಚ್ಚ ನಿಲ್ಲಬೇಕು. ಹಣ ಕೊಟ್ಟ ದಿನಾಂಕ ಯಾವುದೇ ಇರಲಿ.

ಒಂದು ಉದಾಹರಣೆ ಹಿಡಿದು ನೋಡೋಣ. ಏಪ್ರಿಲ್ 1ಕ್ಕೆ ವ್ಯಾಪಾರ ಶುರುವಾಗಿದೆ, ಲೆಕ್ಕದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ತಿಂಗಳ ಸಂಬಳ 40,000, ಅದನ್ನು ಮುಂದಿನ ತಿಂಗಳ 5ಕ್ಕೆ ಕೊಡುತ್ತಾರೆ. ಜುಲೈ 1ರಿಂದ ಒಂದು ವರ್ಷದ ಅವಧಿಗೆ 36,000 ವಿಮಾ ಕಂತು ಕಟ್ಟಿದ್ದಾರೆ. ಜನವರಿ 1ರಂದು ಶೇಕಡಾ 12ರ ಬಡ್ಡಿಗೆ 5,00,000 ಸಾಲ ತೆಗೆದಿದ್ದಾರೆ, ಬಡ್ಡಿ ಕೊಡುವುದು ಜೂನ್ 30ಕ್ಕೆ. ಹೊಂದಾಣಿಕೆ ಮಾಡದೆ ಲಾಭ ತೆಗೆದರೆ 1,50,000 ಬರುತ್ತದೆ ಎಂದುಕೊಳ್ಳಿ.

ಮೊದಲು ಸಂಬಳ. ಮಾರ್ಚ್ 31ರ ಹೊತ್ತಿಗೆ ಹನ್ನೊಂದು ತಿಂಗಳ ಸಂಬಳ, ಅಂದರೆ 4,40,000 ಮಾತ್ರ ಪುಸ್ತಕದಲ್ಲಿರುತ್ತದೆ. ಮಾರ್ಚ್ ತಿಂಗಳ ದುಡಿಮೆ ನಡೆದುಹೋಗಿದೆ, ಅದರಿಂದ ಬಂದ ಮಾರಾಟವೂ ಈ ವರ್ಷದ ಆದಾಯಕ್ಕೆ ಸೇರಿದೆ, ಸಂಬಳ ಮಾತ್ರ ಸೇರಿಲ್ಲ. ಆದ್ದರಿಂದ ಸಂಬಳ ಖಾತೆಗೆ 40,000 ಡೆಬಿಟ್ ಮಾಡಿ, ಬಾಕಿ ಸಂಬಳ ಖಾತೆಗೆ ಅಷ್ಟೇ ಕ್ರೆಡಿಟ್ ಮಾಡಬೇಕು. ಆಗ ವೆಚ್ಚ 4,80,000 ಆಗುತ್ತದೆ, ನೌಕರರಿಗೆ ಕೊಡಬೇಕಾದ 40,000 ಬ್ಯಾಲೆನ್ಸ್ ಶೀಟಿನ ಹೊಣೆಗಾರಿಕೆಯಲ್ಲಿ ಕಾಣಿಸುತ್ತದೆ.

ಬಡ್ಡಿಯನ್ನು ಮರೆಯುವುದು ಇನ್ನೂ ಸುಲಭ. ಸಂಬಳದ ಪಟ್ಟಿಯಾದರೂ ಮೇಜಿನ ಮೇಲಿರುತ್ತದೆ, ಬಡ್ಡಿಗೆ ಜೂನ್‌ವರೆಗೆ ಯಾವ ಕಾಗದವೂ ಬರುವುದಿಲ್ಲ. ವರ್ಷದ ಬಡ್ಡಿ 60,000, ಅದರಲ್ಲಿ ಜನವರಿಯಿಂದ ಮಾರ್ಚ್‌ವರೆಗಿನ ಮೂರು ತಿಂಗಳ ಪಾಲು 15,000. ಬಡ್ಡಿ ಖಾತೆ ಡೆಬಿಟ್, ಬಾಕಿ ಬಡ್ಡಿ ಖಾತೆ ಕ್ರೆಡಿಟ್. ಕೊಡುವ ದಿನ ಬಂದಿಲ್ಲವಲ್ಲ ಎಂದು ಬಿಡುವಂತಿಲ್ಲ. ಮೂರು ತಿಂಗಳು ಆ ಹಣವನ್ನು ಬಳಸಿಕೊಂಡಾಗಿದೆ.

ವಿಮೆಯಲ್ಲಿ ದಿಕ್ಕು ತಿರುಗುತ್ತದೆ. 36,000 ಪೂರ್ತಿ ವಿಮಾ ವೆಚ್ಚ ಎಂದು ಡೆಬಿಟ್ ಆಗಿದೆ. ಜುಲೈನಿಂದ ಮಾರ್ಚ್‌ವರೆಗಿನ ಒಂಬತ್ತು ತಿಂಗಳಿಗೆ ಸೇರಿದ್ದು 27,000. ಉಳಿದ 9,000ಕ್ಕೆ ಏಪ್ರಿಲ್‌ನಿಂದ ಜೂನ್‌ವರೆಗಿನ ರಕ್ಷಣೆ ಇನ್ನೂ ನಮಗೆ ಬರಬೇಕಿದೆ. ಬರಬೇಕಾದದ್ದು ಇರುವುದರಿಂದ ಅದು ಸ್ವತ್ತು. ಮುಂಗಡ ವಿಮೆ ಖಾತೆಗೆ 9,000 ಡೆಬಿಟ್, ವಿಮೆ ಖಾತೆಗೆ 9,000 ಕ್ರೆಡಿಟ್. ವೆಚ್ಚ ತಗ್ಗುತ್ತದೆ, ಬ್ಯಾಲೆನ್ಸ್ ಶೀಟಿನಲ್ಲಿ ಚಾಲ್ತಿ ಸ್ವತ್ತಾಗಿ 9,000 ಬರುತ್ತದೆ.

ಒಟ್ಟಿಗೆ ನೋಡಿದರೆ 1,50,000ದಲ್ಲಿ 40,000 ಮತ್ತು 15,000 ಕಳೆದು 9,000 ಕೂಡಿಸಬೇಕು. ನಿಜವಾದ ಲಾಭ 1,04,000. ತೋರಿಕೆಯ ಲಾಭದಲ್ಲಿ 46,000 ಇರಲೇ ಇಲ್ಲ. ಮಾಲೀಕರು 1,50,000ವನ್ನು ನಂಬಿ ಹಣ ಹೊರತೆಗೆದರೆ, ಏಪ್ರಿಲ್ 5ಕ್ಕೆ ಸಂಬಳಕ್ಕೆ ಬೇಕಾದ ಹಣವನ್ನೇ ಲಾಭವೆಂದು ತೆಗೆದಂತಾಗುತ್ತದೆ. ಬ್ಯಾಲೆನ್ಸ್ ಶೀಟಿನಲ್ಲೂ ಇದೇ ಅಂತರ ಸಿಗುತ್ತದೆ: ಹೊಣೆಗಾರಿಕೆ 55,000 ಹೆಚ್ಚಿತು, ಸ್ವತ್ತು 9,000 ಹೆಚ್ಚಿತು, ಬಂಡವಾಳ 46,000 ಕಡಿಮೆಯಾಯಿತು. ನಿಮ್ಮ ಲೆಕ್ಕದಲ್ಲಿ ಈ ಎರಡು ದಾರಿಯ ಉತ್ತರ ಒಂದೇ ಬರದಿದ್ದರೆ, ಯಾವುದೋ ಹೊಂದಾಣಿಕೆಯ ಅರ್ಧ ಭಾಗ ಮಾತ್ರ ಬರೆದಿದ್ದೀರಿ ಎಂದೇ ತಿಳಿಯಿರಿ.

ಈ ಮೂರೂ ನಮೂದುಗಳಲ್ಲಿ ನಗದು ಖಾತೆಯನ್ನಾಗಲಿ ಬ್ಯಾಂಕ್ ಖಾತೆಯನ್ನಾಗಲಿ ಮುಟ್ಟಿಲ್ಲ ಎಂಬುದನ್ನು ಗಮನಿಸಿ. ಮುಟ್ಟಿದ್ದರೆ ತಪ್ಪು. ಒಂದು ಕಾಲು ವೆಚ್ಚದ ಖಾತೆಯಲ್ಲಿ, ಇನ್ನೊಂದು ಕಾಲು ಬ್ಯಾಲೆನ್ಸ್ ಶೀಟಿನಲ್ಲಿ ಇರಬೇಕು. ಪರೀಕ್ಷೆಯ ಲೆಕ್ಕಗಳಲ್ಲಿ ಗೊಂದಲ ಹುಟ್ಟುವುದೂ ಇದರಿಂದಲೇ. ಬಾಕಿ ಸಂಬಳವನ್ನು ಟ್ರಯಲ್ ಬ್ಯಾಲೆನ್ಸಿನ ಒಳಗೇ ಕೊಟ್ಟಿದ್ದರೆ ನಮೂದು ಆಗಲೇ ಆಗಿದೆ, ಸಂಬಳದ ಮೊತ್ತದಲ್ಲಿ ಅದು ಸೇರಿದೆ. ಆಗ ಅದನ್ನು ಬ್ಯಾಲೆನ್ಸ್ ಶೀಟಿನಲ್ಲಿ ಮಾತ್ರ ತೋರಿಸಬೇಕು, ಸಂಬಳಕ್ಕೆ ಮತ್ತೆ ಕೂಡಿಸಿದರೆ ಎರಡು ಬಾರಿ ಲೆಕ್ಕ ಹಿಡಿದಂತೆ. ಟ್ರಯಲ್ ಬ್ಯಾಲೆನ್ಸಿನ ಹೊರಗೆ, ಕೆಳಗಡೆ ಕೊಟ್ಟಿದ್ದರೆ ಎರಡೂ ಕಡೆ ತೋರಿಸಬೇಕು. ಮುಂಗಡ ವಿಮೆಗೂ ಇದೇ ಕ್ರಮ.

ಈಗ ನಿಮ್ಮ ಎರಡನೆಯ ಪ್ರಶ್ನೆ. ಪ್ರತಿವರ್ಷ ಹನ್ನೆರಡು ಸಂಬಳ ಹೋಗೇ ಹೋಗುತ್ತದೆ, ಹಿಂದಿನ ಮಾರ್ಚ್ ಒಳಗೆ ಬಂದು ಈ ಮಾರ್ಚ್ ಹೊರಗೆ ಹೋದರೇನಾಯಿತು ಎಂದು ಹಲವರು ವಾದಿಸುತ್ತಾರೆ. ಮೊದಲ ವರ್ಷದಲ್ಲಿ ಒಳಗೆ ಬರಲು ಹಿಂದಿನ ಮಾರ್ಚೇ ಇಲ್ಲ, ಆದ್ದರಿಂದ ವಾದ ಅಲ್ಲೇ ನಿಲ್ಲುತ್ತದೆ. ಎರಡನೆಯ ವರ್ಷ ಸಂಬಳ 50,000ಕ್ಕೆ ಏರಿತು ಎನ್ನಿ. ಕೊಟ್ಟ ಹಣ 40,000 ಮತ್ತು ಹನ್ನೊಂದು ಬಾರಿ 50,000, ಒಟ್ಟು 5,90,000. ನಿಜವಾದ ವೆಚ್ಚ 6,00,000. ಸಂಬಳ ಬದಲಾಗದಿದ್ದರೆ ಲಾಭದ ಅಂಕಿ ಸರಿಯಾಗಿಯೇ ಬರಬಹುದು, ಅದನ್ನು ಒಪ್ಪುತ್ತೇನೆ. ಆಗಲೂ ಬ್ಯಾಲೆನ್ಸ್ ಶೀಟಿನಲ್ಲಿ ಒಂದು ತಿಂಗಳ ಸಂಬಳದ ಹೊಣೆ ಕಾಣೆಯಾಗಿರುತ್ತದೆ. ಸಾಲ ಕೊಡುವವರು ಆ ಹಾಳೆಯನ್ನೇ ನೋಡಿ ತೀರ್ಮಾನಿಸುತ್ತಾರೆ. ಹಣ ಬಂದಾಗ, ಹೋದಾಗ ಮಾತ್ರ ಬರೆಯುವ ನಗದು ಆಧಾರದ ಲೆಕ್ಕವನ್ನೇ ಇಟ್ಟಿರುವವರಿಗೆ ಈ ನಮೂದುಗಳು ಬೇಕಿಲ್ಲ. ಆದರೆ ಉದ್ರಿ ಮಾರಾಟವನ್ನು ಆದಾಯವೆಂದು ಹಿಡಿದು, ಉದ್ರಿ ವೆಚ್ಚವನ್ನು ಬಿಡುವ ಬೆರಕೆ ಲೆಕ್ಕ ಯಾವ ಆಧಾರಕ್ಕೂ ಸಲ್ಲದು.

ನಮೂದು ಹಾಕಿದಷ್ಟಕ್ಕೆ ಕೆಲಸ ಮುಗಿಯುವುದಿಲ್ಲ. ಹೆಚ್ಚಿನ ತಪ್ಪು ಹುಟ್ಟುವುದು ಮರುವರ್ಷ. ಏಪ್ರಿಲ್ 5ಕ್ಕೆ ಮಾರ್ಚ್ ಸಂಬಳ ಕೊಟ್ಟಾಗ, ರೂಢಿಯಂತೆ ಅದನ್ನು ಸಂಬಳ ಖಾತೆಗೇ ಡೆಬಿಟ್ ಮಾಡಿಬಿಡುತ್ತಾರೆ. ವರ್ಷದ ಕೊನೆಗೆ ಹೊಸ ಮಾರ್ಚಿನ ಬಾಕಿಯನ್ನೂ ಸೇರಿಸಿದಾಗ ಸಂಬಳದಲ್ಲಿ ಹದಿಮೂರು ತಿಂಗಳ ವೆಚ್ಚ ಕೂತಿರುತ್ತದೆ, ಹಳೆಯ ಬಾಕಿ 40,000 ತೀರದೆ ಹಾಗೇ ಉಳಿದಿರುತ್ತದೆ. ತಡೆಯಲು ಎರಡು ದಾರಿಗಳಿವೆ. ಏಪ್ರಿಲ್ 5ರ ಪಾವತಿಯನ್ನು ನೇರವಾಗಿ ಬಾಕಿ ಸಂಬಳ ಖಾತೆಗೆ ಡೆಬಿಟ್ ಮಾಡುವುದು ಒಂದು. ಏಪ್ರಿಲ್ 1ರಂದೇ ಹಿಂದಿನ ನಮೂದನ್ನು ತಿರುವು ಹಾಕುವುದು ಇನ್ನೊಂದು: ಬಾಕಿ ಸಂಬಳ ಡೆಬಿಟ್, ಸಂಬಳ ಕ್ರೆಡಿಟ್. ಆಗ ಸಂಬಳ ಖಾತೆ 40,000 ಕ್ರೆಡಿಟ್ ಶಿಲ್ಕಿನಿಂದ ಶುರುವಾಗಿ, 5ರ ಪಾವತಿಯೊಂದಿಗೆ ಸೊನ್ನೆಯಾಗುತ್ತದೆ. ಪಾವತಿ ಬರೆಯುವವರು ಬೇರೆ, ವರ್ಷಾಂತ್ಯದ ಲೆಕ್ಕ ಮುಗಿಸುವವರು ಬೇರೆ ಆಗಿರುವ ಕಡೆ ನಾನು ಎರಡನೆಯದನ್ನೇ ಹೇಳುತ್ತೇನೆ. ಪಾವತಿ ಬರೆಯುವವರು ಏನನ್ನೂ ನೆನಪಿಡಬೇಕಾಗಿಲ್ಲ.

ಮುಂಗಡ ವಿಮೆಯನ್ನೂ ಏಪ್ರಿಲ್ 1ಕ್ಕೆ ವಿಮೆ ಖಾತೆಗೆ ಹಿಂದಿರುಗಿಸಬೇಕು. ಬಿಟ್ಟರೆ ಆ 9,000 ಯಾವ ವರ್ಷದ ವೆಚ್ಚವೂ ಆಗದೆ, ಅವಧಿ ಮುಗಿದ ಮೇಲೂ ಸ್ವತ್ತಿನಲ್ಲೇ ಉಳಿಯುತ್ತದೆ. ಎರಡನೆಯ ಜುಲೈನಲ್ಲಿ 40,000 ಕಂತು ಕಟ್ಟಿದರೆ, ಆ ವರ್ಷದ ವೆಚ್ಚ ಹಳೆಯ 9,000 ಮತ್ತು ಹೊಸದರ ಒಂಬತ್ತು ತಿಂಗಳ ಪಾಲು 30,000 ಸೇರಿ 39,000. ಹೊಸ ಮುಂಗಡ 10,000. ಬಾಕಿ ಅಥವಾ ಮುಂಗಡದ ಖಾತೆಯಲ್ಲಿ ಹಿಂದಿನ ವರ್ಷದ ಅಂಕಿ ವರ್ಷವಿಡೀ ಅಲುಗಾಡದೆ ಕೂತಿದ್ದರೆ ತಿರುವು ನಮೂದು ಬಿಟ್ಟುಹೋಗಿರುವ ಸಾಧ್ಯತೆಯೇ ಹೆಚ್ಚು.

ಬಿಟ್ಟುಹೋದ ಬಾಕಿಗಳನ್ನು ಹುಡುಕಲು ಎರಡು ಕೆಲಸ ಸಾಕು. ವರ್ಷ ಮುಗಿದ ಮೇಲಿನ ಒಂದೆರಡು ತಿಂಗಳ ಪಾವತಿಗಳನ್ನೂ ಬಿಲ್ಲುಗಳನ್ನೂ ತೆಗೆದು, ಪ್ರತಿಯೊಂದೂ ಯಾವ ಅವಧಿಗೆ ಸೇರಿದ್ದು ಎಂದು ನೋಡಿ. ಏಪ್ರಿಲ್‌ನಲ್ಲಿ ಬಂದ ವಿದ್ಯುತ್ ಬಿಲ್ಲಿನಲ್ಲಿ ಮಾರ್ಚ್ ತಿಂಗಳ ಬಳಕೆ ಇದ್ದರೆ ಅದು ಹಿಂದಿನ ವರ್ಷದ ಬಾಕಿ. ಬಿಲ್ ಇನ್ನೂ ಬಂದಿಲ್ಲದಿದ್ದರೆ ಮೀಟರ್ ಓದಿಕೆಯಿಂದಲೋ ಹಿಂದಿನ ಬಿಲ್ಲುಗಳಿಂದಲೋ ಅಂದಾಜು ಮಾಡಿ ಹಾಕಬಹುದು, ಸಣ್ಣ ವ್ಯತ್ಯಾಸ ಮುಂದಿನ ವರ್ಷಕ್ಕೆ ಹೋಗುತ್ತದೆ. ಅಂದಾಜಿನಲ್ಲಿ ಸ್ವಲ್ಪ ತಪ್ಪುವುದು ಸೊನ್ನೆ ತೋರಿಸುವುದಕ್ಕಿಂತ ಎಷ್ಟೋ ಮೇಲು. ಎರಡನೆಯದಾಗಿ ಬಾಡಿಗೆ, ಸಂಬಳ, ಫೋನ್‌ನಂಥ ಪ್ರತಿ ತಿಂಗಳ ವೆಚ್ಚಗಳ ಲೆಡ್ಜರ್ ತೆರೆದು, ಹನ್ನೆರಡು ತಿಂಗಳಿಗೂ ನಮೂದಿದೆಯೇ ಎಂದು ಎಣಿಸಿ.

ಮುಂಗಡದಲ್ಲಿ ದಿನಾಂಕದ ಬಗ್ಗೆ ಎಚ್ಚರ ಬೇಕು. ಲೆಕ್ಕ ಹಿಡಿಯಬೇಕಾದದ್ದು ಪಾಲಿಸಿಯ ರಕ್ಷಣೆ ಶುರುವಾದ ದಿನದಿಂದ, ಹಣ ಕಟ್ಟಿದ ದಿನದಿಂದಲ್ಲ. ಅವಧಿ ತಿಂಗಳ ನಡುವೆ ಶುರುವಾದರೆ ದಿನಗಳಲ್ಲಿ ಎಣಿಸಿ: ಜುಲೈ 15ರಿಂದ ಮಾರ್ಚ್ 31ರವರೆಗೆ ಎರಡೂ ದಿನ ಸೇರಿ, ಫೆಬ್ರವರಿಗೆ 28 ದಿನ ಹಿಡಿದರೆ, 260 ದಿನ. ಉಳಿದ 105 ದಿನಗಳದ್ದು ಮುಂಗಡ. ಕಟ್ಟಡದ ಮಾಲೀಕರಲ್ಲಿ ಇಟ್ಟ ಬಾಡಿಗೆಯ ಠೇವಣಿಯನ್ನು ಇದರ ಜೊತೆ ಸೇರಿಸಬೇಡಿ. ಅದು ಹಣವಾಗಿಯೇ ಹಿಂದಿರುಗಬೇಕಾದ್ದು, ಬೇರೆಯೇ ಸ್ವತ್ತಾಗಿ ತೋರಿಸಬೇಕು. ಮುಂಗಡ ಬಾಡಿಗೆಯಾದರೆ ತಿಂಗಳು ಕಳೆದಂತೆ ಕರಗಿ ವೆಚ್ಚವಾಗುತ್ತದೆ.