ವುಡ್‌ಕಟ್ ಪ್ರದರ್ಶನದ ಕ್ಯಾಪ್ಶನ್‌ನಲ್ಲಿ ಏನೇನು ಇರಬೇಕು?

"ಫೆಬ್ರವರಿಯಲ್ಲಿ ಬೆಂಗಳೂರಲ್ಲಿ ನನ್ನ ಮೊದಲ ಪ್ರದರ್ಶನ. ಮಲೆನಾಡಿನ ಹಂಚಿನ ಮನೆಗಳ ವುಡ್‌ಕಟ್‌ಗಳು. ಇನ್‌ಸ್ಟಾಗ್ರಾಮ್ ಕ್ಯಾಪ್ಶನ್‌ನಲ್ಲಿ ವಿಷಯ, ಮಾಧ್ಯಮ, ದಿನಾಂಕ, ಮಾರಾಟಕ್ಕಿದೆಯಾ ಅನ್ನೋದು ಎಲ್ಲ ಹೇಗೆ ಹೇಳಲಿ?"

ನಾನೂ ಮುದ್ರಣ ಕಲೆಯವಳು. ಹಾಗಾಗಿ ಮೊದಲು ಮಾಧ್ಯಮದ ಮಾತು. ದಯವಿಟ್ಟು ಬರೀ "ಪ್ರಿಂಟ್" ಅಂತ ಬರೆಯಬೇಡಿ. ನನ್ನ ಮೊದಲ ಪ್ರದರ್ಶನಕ್ಕೆ ನಾನು ಹಾಗೇ ಬರೆದಿದ್ದೆ. ಬಂದವರೊಬ್ಬರು ಚಿತ್ರದ ಮುಂದೆ ತುಂಬಾ ಹೊತ್ತು ನಿಂತು, "ಒರಿಜಿನಲ್ ಎಲ್ಲಿದೆ? ಇದು ಅದರ ಪ್ರಿಂಟಾ?" ಅಂತ ಕೇಳಿದರು. ಕಂಪ್ಯೂಟರಿನಿಂದ ತೆಗೆದ ಪ್ರತಿ ಅಂದುಕೊಂಡಿದ್ದರು. ತಪ್ಪು ಅವರದಲ್ಲ, ನನ್ನ ಕ್ಯಾಪ್ಶನ್‌ದು.

ವುಡ್‌ಕಟ್‌ನಲ್ಲಿ ಕಾಗದದ ಮೇಲೆ ಬಂದದ್ದೇ ಒರಿಜಿನಲ್. ಅದನ್ನು ಒಂದೇ ಸಾಲಿನಲ್ಲಿ ಹೇಳಬಹುದು: "ಮರದ ಹಲಗೆಯಲ್ಲಿ ಕೆತ್ತಿ, ಶಾಯಿ ಹಚ್ಚಿ, ಕಾಗದದ ಮೇಲೆ ಕೈಯಿಂದ ಅಚ್ಚೊತ್ತಿದ್ದು." ಪ್ರೆಸ್ ಬಳಸಿದ್ದರೆ ಪ್ರೆಸ್ ಅನ್ನಿ. ಎಷ್ಟು ಪ್ರತಿ ತೆಗೆದಿದ್ದೀರಿ ಅನ್ನೋದೂ ಇರಲಿ. ಚಿತ್ರದ ಕೆಳಗೆ ಪೆನ್ಸಿಲ್ಲಿನಲ್ಲಿ 3/15 ಅಂತ ಬರೆಯುತ್ತೀರಲ್ವಾ, ಅಂದರೆ ಹದಿನೈದರಲ್ಲಿ ಮೂರನೆಯದು. ಎಷ್ಟೋ ಜನರಿಗೆ ಅದು ಗೊತ್ತಿರೋದಿಲ್ಲ.

ವಿಷಯಕ್ಕೆ "ನೆನಪು, ಬೇರು, ಕಾಲ" ಅಂತೆಲ್ಲ ಹೋಗಬೇಡಿ. ಆ ಮಾತು ಯಾರ ಚಿತ್ರಕ್ಕಾದರೂ ಹೊಂದುತ್ತದೆ. ನಿಮ್ಮ ಚಿತ್ರಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ವಸ್ತುವನ್ನು ಹಿಡಿಯಿರಿ. ಹಂಚಿನ ಮನೆ ಅಂದರೆ ನನಗೆ ನೆನಪಾಗೋದು ಅಡುಗೆಮನೆ ಮೇಲಿನ ಗಾಜಿನ ಹಂಚು. ಅದರಿಂದ ಇಳಿಯುವ ಬಿಸಿಲಿನ ಕೋಲು, ಅದರೊಳಗೆ ಒಲೆಯ ಹೊಗೆ. ವುಡ್‌ಕಟ್‌ನಲ್ಲಿ ಬೆಳಕು ಬೇಕಾದ ಕಡೆ ಮರವನ್ನು ಉಳಿಯಿಂದ ತೆಗೆದುಬಿಡುತ್ತೇವೆ. ಉಳಿದ ಮರಕ್ಕಷ್ಟೇ ಶಾಯಿ ಹತ್ತುತ್ತದೆ. ಅಂದರೆ ನೀವು ಬಿಸಿಲನ್ನೇ ಕೆತ್ತಿದ್ದೀರಿ. ಇಷ್ಟು ಹೇಳಿದರೆ ವಿಷಯವೂ ಬಂತು, ಮಾಧ್ಯಮವೂ ಬಂತು.

ಇನ್‌ಸ್ಟಾಗ್ರಾಮ್‌ನಲ್ಲಿ ಮೊದಲ ಒಂದೆರಡು ಸಾಲು ಮಾತ್ರ ಕಾಣುತ್ತದೆ, ಉಳಿದದ್ದು ಒತ್ತಿದರೆ ತೆರೆಯುತ್ತದೆ. ದಿನಾಂಕ ಮತ್ತು ಊರು ಅಲ್ಲೇ ಇರಲಿ. ಉದ್ಘಾಟನೆಯ ದಿನದ ಜೊತೆಗೆ ಮುಗಿಯುವ ದಿನವೂ ಬೇಕೇ ಬೇಕು. ನಾನು ಉದ್ಘಾಟನೆಯ ದಿನವನ್ನಷ್ಟೇ ಹಾಕಿದ್ದೆ. ಕೊನೆಯ ದಿನ ಸಂಜೆ ಚಿತ್ರಗಳನ್ನು ಗೋಡೆಯಿಂದ ಇಳಿಸಿ ಕಟ್ಟುತ್ತಿದ್ದಾಗ ತುಮಕೂರಿನಿಂದ ಅಮ್ಮ, ಮಗಳು ಬಂದರು. ಕಟ್ಟಿದ್ದ ಎರಡು ಚಿತ್ರಗಳನ್ನು ಬಿಚ್ಚಿ ತೋರಿಸಿದೆ, ಆದರೂ ಇವತ್ತಿಗೂ ಬೇಜಾರಿದೆ. ಕೊನೆಯ ದಿನ ಬೇಗ ಮುಚ್ಚುವುದಿದ್ದರೆ ಅದನ್ನೂ ಬರೆಯಿರಿ. ಚಿತ್ರಕಲಾ ಪರಿಷತ್ತಿನಂಥ ಕಡೆ ಒಂದೇ ಆವರಣದಲ್ಲಿ ಹಲವು ಗ್ಯಾಲರಿ ಇರುತ್ತವೆ, ಹಾಗಾಗಿ ಯಾವ ಗ್ಯಾಲರಿ ಅಂತಲೂ ಹೇಳಬೇಕು.

ಇನ್ನು ಮಾರಾಟ. ಇದನ್ನು ಹೇಳೋಕೆ ನಾಚಿಕೆ ಬೇಡ. ಚಿತ್ರಸಂತೆಯಲ್ಲಿ ಧೈರ್ಯವಾಗಿ ರೇಟು ಕೇಳುವ ಜನ ಗ್ಯಾಲರಿಯೊಳಗೆ ಬಂದರೆ ಕೇಳೋಕೆ ಹಿಂಜರಿಯುತ್ತಾರೆ. ಬೆಲೆ ಎಲ್ಲಿಂದ ಶುರು ಅಂತ ಬರೆದರೆ ಅವರಿಗೂ ಸುಲಭ. ಅದಕ್ಕೂ ಮೊದಲು ಗ್ಯಾಲರಿಯವರ ಕಮಿಷನ್ ಎಷ್ಟು ಅಂತ ಕೇಳಿ, ಅದನ್ನು ಸೇರಿಸಿಯೇ ಬೆಲೆ ಹೇಳಿ. ಫ್ರೇಮ್ ಸೇರಿದೆಯಾ ಇಲ್ಲವಾ ಅನ್ನೋದೂ ಸ್ಪಷ್ಟವಾಗಿರಲಿ. ಪೇಂಟಿಂಗ್ ಮಾರಾಟವಾದರೆ ಕೆಂಪು ಚುಕ್ಕೆ ಅಂಟಿಸಿ, ಪ್ರದರ್ಶನ ಮುಗಿಯೋವರೆಗೆ ಗೋಡೆಯಲ್ಲೇ ಬಿಡುತ್ತಾರೆ. ನಿಮ್ಮದರಲ್ಲಿ ಬೇರೆ ಪ್ರತಿಗಳು ಇರೋದರಿಂದ ಫ್ರೇಮ್ ಇಲ್ಲದ್ದನ್ನು ಅವತ್ತೇ ಕೊಡಬಹುದು. ಯಾವುದಾದರೂ ಚಿತ್ರ ಮಾರೋದಿಲ್ಲ ಅಂತಿದ್ದರೆ ಅದನ್ನೂ ಮೊದಲೇ ತಿಳಿಸಿ.

ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ. ಸಮಯ, ಬೆಲೆ, ಸಂಖ್ಯೆಗಳನ್ನು ನಿಮ್ಮದಕ್ಕೆ ಬದಲಾಯಿಸಿಕೊಳ್ಳಿ:

"ಗಾಜಿನ ಹಂಚಿನಿಂದ ಇಳಿಯುವ ಬಿಸಿಲನ್ನು ಮರದಲ್ಲಿ ಕೆತ್ತಿದ್ದೇನೆ. ಫೆಬ್ರವರಿ 13ರಿಂದ 17, ಬೆಂಗಳೂರು.

ಮಲೆನಾಡಿನ ಹಂಚಿನ ಮನೆಗಳ 18 ವುಡ್‌ಕಟ್‌ಗಳು. ಎಲ್ಲವೂ ಕಾಗದದ ಮೇಲೆ ಕೈಯಿಂದ ಅಚ್ಚೊತ್ತಿದವು. ಒಂದೊಂದರದ್ದೂ 15 ಪ್ರತಿ ಮಾತ್ರ.

ಉದ್ಘಾಟನೆ: ಶುಕ್ರವಾರ, ಫೆಬ್ರವರಿ 13, ಸಂಜೆ 5ಕ್ಕೆ. ಉಳಿದ ದಿನ ಬೆಳಿಗ್ಗೆ 10:30ರಿಂದ ಸಂಜೆ 7. ಮಂಗಳವಾರ ಕೊನೆಯ ದಿನ, ಸಂಜೆ 4ರವರೆಗೆ ಮಾತ್ರ. ಗ್ಯಾಲರಿಯ ಹೆಸರು, ರಸ್ತೆ. ಪ್ರವೇಶ ಉಚಿತ.

ಕೃತಿಗಳು ಮಾರಾಟಕ್ಕಿವೆ. ಫ್ರೇಮ್ ಇಲ್ಲದೆ ₹4,000ದಿಂದ ಶುರು. 'ಅಜ್ಜಿಯ ಒಲೆ' ಮಾತ್ರ ನೋಡಲಿಕ್ಕೆ, ಮಾರಾಟಕ್ಕಿಲ್ಲ. ಬೆಲೆಪಟ್ಟಿ ಬೇಕಿದ್ದರೆ ಮೆಸೇಜ್ ಮಾಡಿ."

ಕ್ಯಾಪ್ಶನ್‌ನಲ್ಲಿ ಹಾಕಿದ ಲಿಂಕ್ ಒತ್ತಿದರೆ ತೆರೆಯೋದಿಲ್ಲ. ಮ್ಯಾಪ್ ಲಿಂಕ್ ನಿಮ್ಮ ಬಯೋದಲ್ಲಿ ಹಾಕಿ. ಪೋಸ್ಟ್ ಮಾಡುವ ಮುಂಚೆ ತಾರೀಖು ಮತ್ತು ವಾರ ಹೊಂದುತ್ತವಾ ಅಂತ ಕ್ಯಾಲೆಂಡರ್ ನೋಡಿಕೊಳ್ಳಿ.