ಜಾವಾನೂ ಬೇಡ, ಡೇಟಾ ಸೈನ್ಸೂ ಬೇಡ: ಮೆಕ್ಯಾನಿಕಲ್ ಅನುಭವವನ್ನೇ ಕೇಳುವ ಸಾಫ್ಟ್‌ವೇರ್ ಕೆಲಸ

"ಮೆಕ್ಯಾನಿಕಲ್ ಬಿಇ ಮುಗಿಸಿ ಪೀಣ್ಯದ ಒಂದು ಕಂಪನಿಯ ಕ್ವಾಲಿಟಿ ವಿಭಾಗದಲ್ಲಿ ಎರಡು ವರ್ಷದಿಂದ ಇದ್ದೀನಿ. ಸಾಫ್ಟ್‌ವೇರ್‌ಗೆ ಹೋಗಬೇಕು. ಜಾವಾ ಫುಲ್ ಸ್ಟ್ಯಾಕ್ ಕಲೀಲಾ, ಡೇಟಾ ಸೈನ್ಸ್ ಕಲೀಲಾ? ಹಳೇ ಅನುಭವ ತೆಗೆದುಹಾಕಿ ಫ್ರೆಶರ್ ಅಂತ ಅಪ್ಲೈ ಮಾಡು ಅಂತಾರೆ, ಮಾಡಬಹುದಾ?"

ಅನುಭವ ಮಾತ್ರ ತೆಗೆಯಬೇಡಿ. ನಾನು ತೆಗೆದಿದ್ದೆ, ಕೈಗೆ ಬಂದಿದ್ದ ಕೆಲಸ ಹೋಯಿತು.

ನಾನೂ ಪೀಣ್ಯದಲ್ಲೇ ಇದ್ದೆ. ಬ್ರೇಕ್ ಡ್ರಮ್ ಮತ್ತು ಹಬ್ ಮಾಡುವ ಘಟಕದಲ್ಲಿ ಕ್ವಾಲಿಟಿ ಕೆಲಸ. ಕಸ್ಟಮರ್ ಕಂಪ್ಲೇಂಟ್ ಬಂದರೆ 8ಡಿ ವರದಿ ಬರೆಯುವುದು, ಎಫ್‌ಎಂಇಎ ತಿದ್ದುವುದು, ಆಡಿಟ್‌ಗೆ ಮುಂಚೆ ರಾತ್ರಿ ತನಕ ಕೂರುವುದು. ಸಂಜೆ ಜಾವಾ ಕ್ಲಾಸಿಗೆ ಸೇರಿದೆ. ಅಲ್ಲಿ ರೆಸ್ಯೂಮೆ ಮಾಡಿಕೊಡುವವರು ನಿಮಗೆ ಹೇಳಿದ ಮಾತನ್ನೇ ನನಗೂ ಹೇಳಿದರು. ಮೂರು ವರ್ಷದ ಮೆಕ್ಯಾನಿಕಲ್ ಅನುಭವ ನೋಡಿದರೆ ಎಚ್‌ಆರ್ ಬದಿಗಿಡುತ್ತಾರೆ, ಫ್ರೆಶರ್ ಅಂತ ಹಾಕು ಅಂತ. ಹಾಕಿದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ಇದು ಹೇಗೆ ಹಿಡಿಯುತ್ತಾರೆ ಅನ್ನೋದು ಯಾರೂ ಮುಂಚೆ ಹೇಳುವುದಿಲ್ಲ. ಮೊದಲ ಕೆಲಸದಲ್ಲಿ ಪಿಎಫ್ ಕಟ್ಟಿದ ದಿನವೇ ನಿಮ್ಮ ಹೆಸರಿಗೆ ಒಂದು ಯುಎಎನ್ ಆಗಿರುತ್ತದೆ. ಕಂಪನಿ ಬದಲಾದರೂ ಅದು ಬದಲಾಗುವುದಿಲ್ಲ. ಹೊಸ ಕಂಪನಿಗೆ ಸೇರುವಾಗ ಫಾರ್ಮ್ 11 ಕೊಡುತ್ತಾರೆ. ಹಿಂದೆ ಪಿಎಫ್ ಸದಸ್ಯರಾಗಿದ್ದಿರಾ ಎಂದು ಅದರಲ್ಲಿ ನೀವೇ ಬರೆದು ಸಹಿ ಹಾಕಬೇಕು. ಇಪಿಎಫ್‌ಒ ಪೋರ್ಟಲ್‌ನ ಸರ್ವಿಸ್ ಹಿಸ್ಟರಿಯಲ್ಲಿ ಹಳೇ ಕಂಪನಿಯ ಹೆಸರು, ಸೇರಿದ ದಿನ, ಬಿಟ್ಟ ದಿನ ಎಲ್ಲಾ ಕಾಣುತ್ತದೆ. ಹಿನ್ನೆಲೆ ಪರಿಶೀಲನೆ ಮಾಡುವವರು ಅದರ ಪ್ರತಿ ಕೇಳುವುದು ಈಗ ಮಾಮೂಲು. ನನ್ನಿಂದಲೂ ಕೇಳಿದರು. ಆಫರ್ ಲೆಟರ್ ಬಂದಿತ್ತು, ಹಳೇ ಕೆಲಸಕ್ಕೆ ರಾಜೀನಾಮೆ ಕೊಟ್ಟಾಗಿತ್ತು. ರೆಸ್ಯೂಮೆಯಲ್ಲಿ ಫ್ರೆಶರ್, ಪಿಎಫ್ ದಾಖಲೆಯಲ್ಲಿ ಮೂರು ವರ್ಷದ ಉದ್ಯೋಗಿ. ಮಾಹಿತಿ ಮುಚ್ಚಿಟ್ಟಿದ್ದೀರಿ ಎಂದು ಆಫರ್ ವಾಪಸ್ ತೆಗೆದುಕೊಂಡರು. ಜಾವಾ ಬರುತ್ತದೋ ಇಲ್ಲವೋ ಅನ್ನೋ ಪ್ರಶ್ನೆಯೇ ಅಲ್ಲಿ ಬರಲಿಲ್ಲ.

ಸಿಕ್ಕಿಬೀಳದೇ ಇದ್ದಿದ್ದರೂ ಅದು ಕೆಟ್ಟ ವ್ಯಾಪಾರವೇ. ಫ್ರೆಶರ್ ಅಂತ ಹೋದರೆ ನಿಮ್ಮ ಪಕ್ಕ ನಾಲ್ಕು ವರ್ಷ ಅದನ್ನೇ ಓದಿ ಬಂದ ಕಂಪ್ಯೂಟರ್ ಸೈನ್ಸ್ ಹುಡುಗರು ನಿಂತಿರುತ್ತಾರೆ. ಅವರ ಹತ್ತಿರ ಇಲ್ಲದ್ದು ನಿಮ್ಮ ಹತ್ತಿರ ಏನಿದೆಯೋ, ಅದನ್ನೇ ನೀವು ಅಳಿಸಿ ಹೋಗಿರುತ್ತೀರಿ. ಅದಕ್ಕೇ ಜಾವಾನಾ ಡೇಟಾ ಸೈನ್ಸಾ ಅನ್ನೋ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಯಾವ ಸಾಫ್ಟ್‌ವೇರ್ ಕೆಲಸಕ್ಕೆ ಶಾಪ್ ಫ್ಲೋರ್‌ನಲ್ಲಿ ಇದ್ದವನು ಬೇಕು ಅಂತ ಕೇಳಿ.

ನನಗೆ ಸಿಕ್ಕಿದ್ದು ವಾಹನದ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ. ಜಾಬ್ ಪೋರ್ಟಲ್‌ಗಳಲ್ಲಿ `HIL Test Engineer` ಅಥವಾ `ECU Validation Engineer` ಅಂತ ಹುಡುಕಿ. ಬೆಂಗಳೂರು, ಪುಣೆ, ಚೆನ್ನೈನಲ್ಲಿ ಈ ಕೆಲಸ ಇದೆ. ಕಾರಿನ ಬ್ರೇಕ್, ಎಂಜಿನ್, ಸ್ಟಿಯರಿಂಗ್ ಒಂದೊಂದಕ್ಕೂ ಇಸಿಯು ಎನ್ನುವ ಚಿಕ್ಕ ಕಂಪ್ಯೂಟರ್ ಇರುತ್ತದೆ. ಅದರೊಳಗಿನ ಸಾಫ್ಟ್‌ವೇರನ್ನು ಪ್ರತಿ ಸಲ ರಸ್ತೆಗೆ ಒಯ್ದು ನೋಡಲು ಆಗುವುದಿಲ್ಲ. ಆದ್ದರಿಂದ ನಿಜವಾದ ಇಸಿಯುವನ್ನು ಒಂದು ಬೆಂಚಿನ ಮೇಲಿಟ್ಟು, ಅದರ ಮುಂದೆ ಇನ್ನೊಂದು ಯಂತ್ರ ಇಡುತ್ತಾರೆ. ಆ ಯಂತ್ರ ಕಾರಿನಂತೆ ನಟಿಸುತ್ತದೆ. ಮಿಲಿಸೆಕೆಂಡಿಗೊಮ್ಮೆ ಲೆಕ್ಕ ಹಾಕಿ ಚಕ್ರದ ವೇಗ, ಬ್ರೇಕ್ ಒತ್ತಡ, ಬ್ಯಾಟರಿ ವೋಲ್ಟೇಜ್ ಎಲ್ಲಾ ಕೊಡುತ್ತದೆ. ಇಸಿಯು ತಾನು ಕಾರಿನಲ್ಲೇ ಇದ್ದೇನೆ ಅಂದುಕೊಂಡು ಕೆಲಸ ಮಾಡುತ್ತದೆ. HIL, ಅಂದರೆ ಹಾರ್ಡ್‌ವೇರ್ ಇನ್ ದ ಲೂಪ್ ಅನ್ನುವುದು ಇದಕ್ಕೇ. ನೀವು ಸನ್ನಿವೇಶ ಬರೆದು, ಓಡಿಸಿ, ಸಾಫ್ಟ್‌ವೇರ್ ಎಲ್ಲಿ ತಪ್ಪುತ್ತದೆ ಎಂದು ಹಿಡಿಯಬೇಕು.

ಇಲ್ಲಿ ಮೆಕ್ಯಾನಿಕಲ್ ಓದಿದವನಿಗೆ ಏನು ಲಾಭ? ನಾನು ಹಿಡಿದ ಒಂದು ದೋಷವನ್ನೇ ಹೇಳುತ್ತೇನೆ. ಅಂಕಿಗಳನ್ನು ಸರಳ ಮಾಡಿದ್ದೇನೆ, ಅಸಲಿ ಪ್ರಾಜೆಕ್ಟಿನವು ಹೇಳುವ ಹಾಗಿಲ್ಲ.

ಇನ್ನೂ ತಯಾರಾಗುತ್ತಿದ್ದ ಒಂದು ಎಬಿಎಸ್ ಸಾಫ್ಟ್‌ವೇರ್. ಚಕ್ರದ ವೇಗದ ಸೆನ್ಸರ್ ಕೆಟ್ಟರೆ ಗುರುತಿಸಬೇಕು, ಡ್ಯಾಶ್‌ಬೋರ್ಡ್‌ನಲ್ಲಿ ಎಬಿಎಸ್ ದೀಪ ಹೊತ್ತಿಸಬೇಕು, ಎಬಿಎಸ್ ನಿಲ್ಲಿಸಬೇಕು. ಅದಕ್ಕೆ ಒಂದು ನಿಯಮ ಇತ್ತು. ಹಿಂದಿನ ಎರಡು ಚಕ್ರಗಳ ವೇಗದ ವ್ಯತ್ಯಾಸ ಕಾರಿನ ವೇಗದ 20% ದಾಟಿ 2 ಸೆಕೆಂಡ್ ಹಾಗೇ ಇದ್ದರೆ ಸೆನ್ಸರ್ ಕೆಟ್ಟಿದೆ. ಕೇಳಲು ಸರಿಯಾಗೇ ಇದೆ, ಅಲ್ವಾ? ಮೊದಲು ಬರೆದಿದ್ದ ಪರೀಕ್ಷೆಗಳೆಲ್ಲ ಪಾಸ್ ಆಗಿದ್ದವು. ಅವುಗಳಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ವೇಗ ಕೊಡುತ್ತಿದ್ದರು. ಆಮೇಲೆ ಒಂದರ ಸೆನ್ಸರ್ ತಂತಿ ಕಡಿಯುತ್ತಿದ್ದರು. ದೋಷ ದಾಖಲಾಗುತ್ತಿತ್ತು, ಪಾಸ್.

ನನಗೆ ಕಾಡಿದ್ದು ಒಂದೇ. ನಮ್ಮ ಕಾರುಗಳು ನೇರ ಮಾತ್ರ ಹೋಗುವುದಿಲ್ಲ. ತಿರುವಿನಲ್ಲಿ ಹೊರಗಿನ ಚಕ್ರ ಜಾಸ್ತಿ ದೂರ ಓಡಬೇಕು, ಒಳಗಿನದು ಕಮ್ಮಿ. ಡಿಫರೆನ್ಷಿಯಲ್ ಇರುವುದೇ ಅದಕ್ಕೆ, ಇದನ್ನು ನೀವು ಕಾಲೇಜಿನಲ್ಲೇ ಓದಿದ್ದೀರಿ. ಎಡ ಬಲ ಚಕ್ರಗಳ ನಡುವಿನ ಅಗಲ 1.5 ಮೀಟರ್ ಅನ್ನಿ. ಹಿಂದಿನ ಆ್ಯಕ್ಸಲ್‌ನ ಮಧ್ಯಭಾಗ 5 ಮೀಟರ್ ತ್ರಿಜ್ಯದಲ್ಲಿ ಸುತ್ತುತ್ತಿದೆ ಅನ್ನಿ. ಒಳಚಕ್ರದ ತ್ರಿಜ್ಯ 4.25, ಹೊರಚಕ್ರದ್ದು 5.75. ಕಾರು ಗಂಟೆಗೆ 10 ಕಿಮೀ ಹೋಗುತ್ತಿದ್ದರೆ ಒಳಗಿನದು 8.5, ಹೊರಗಿನದು 11.5. ವ್ಯತ್ಯಾಸ 3, ಅಂದರೆ 30%. ಯು ಟರ್ನ್‌ನ ಅರ್ಧ ವೃತ್ತ ಸುಮಾರು 15.7 ಮೀಟರ್, ಆ ವೇಗದಲ್ಲಿ ಐದು ಸೆಕೆಂಡಿಗಿಂತ ಜಾಸ್ತಿ ಬೇಕು. ನಿಯಮದ ಎರಡೂ ಷರತ್ತು ಪೂರ್ತಿಯಾದವು. ಸೆನ್ಸರ್ ಚೆನ್ನಾಗೇ ಇದೆ, ಕಾರು ಯು ಟರ್ನ್ ತೆಗೆದುಕೊಂಡಿದೆ ಅಷ್ಟೇ, ಆದರೂ ಎಬಿಎಸ್ ನಿಂತಿತು.

ಬೆಂಚಿನ ಮೇಲೆ ಓಡಿಸಿದಾಗ ಹಾಗೇ ಆಯಿತು. ಬಗ್ ವರದಿಯನ್ನು ನಾನು 8ಡಿ ಬರೆಯುವ ಕ್ರಮದಲ್ಲೇ ಬರೆದೆ. ಏನಾಯಿತು, ಯಾವ ಸ್ಥಿತಿಯಲ್ಲಿ, ಕಾರಣ ಏನು, ಇದು ಮುಂಚೆಯೇ ಯಾಕೆ ಸಿಗಲಿಲ್ಲ. ಲೆಕ್ಕವನ್ನೂ ಹಾಕಿದೆ. ವ್ಯತ್ಯಾಸದ ಪ್ರಮಾಣ ಅಂದರೆ ಅಗಲವನ್ನು ತ್ರಿಜ್ಯದಿಂದ ಭಾಗಿಸಿದ್ದು. ಹಾಗಾಗಿ 7.5 ಮೀಟರ್‌ಗಿಂತ ಚಿಕ್ಕ ತಿರುವು ಯಾವುದೇ ಇದ್ದರೂ, 2 ಸೆಕೆಂಡ್ ದಾಟಿದರೆ ಸಾಕು, ಇದು ಮರುಕಳಿಸುತ್ತದೆ. ಸಾಫ್ಟ್‌ವೇರ್ ಬರೆದವರು ಸ್ಟಿಯರಿಂಗ್ ಕೋನವನ್ನೂ ನೋಡಿ ತೀರ್ಮಾನಿಸುವ ಹಾಗೆ ನಿಯಮ ಬದಲಿಸಿದರು. ಕೋಡ್‌ನಲ್ಲಿ ಅವರು ನನಗಿಂತ ಎಷ್ಟೋ ಜಾಣರು. ಚಕ್ರ ಹೇಗೆ ಉರುಳುತ್ತದೆ ಅನ್ನೋದು ಮಾತ್ರ ನನ್ನ ದಿನನಿತ್ಯದ ವಿಷಯವಾಗಿತ್ತು.

ನಿಮ್ಮ ಎಫ್‌ಎಂಇಎ ಅನುಭವ ಇಲ್ಲಿ ನೇರ ಉಪಯೋಗಕ್ಕೆ ಬರುತ್ತದೆ. ಈ ಭಾಗ ಹೇಗೆಲ್ಲ ಕೆಡಬಹುದು, ಕೆಟ್ಟರೆ ಏನಾಗುತ್ತದೆ, ನಮಗೆ ಗೊತ್ತಾಗುತ್ತದಾ ಅಂತ ಕೂತು ಬರೆಯುತ್ತೀರಲ್ಲ, ಪರೀಕ್ಷೆ ಬರೆಯುವುದೂ ಅದೇ ಯೋಚನೆ. ವಾಹನಗಳ ಸುರಕ್ಷತಾ ಮಾನದಂಡ ಐಎಸ್‌ಒ 26262ರ ಕೆಲಸದಲ್ಲೂ ಎಫ್‌ಎಂಇಎ ಬಳಸುತ್ತಾರೆ.

ಇನ್ನು ಕಲಿಯಬೇಕಾದ್ದು. ಪೈಥಾನ್ ಬೇಕು, ಆದರೆ ವೆಬ್‌ಸೈಟ್ ಕಟ್ಟುವಷ್ಟಲ್ಲ. ಫೈಲ್ ಓದಿ, ಲೆಕ್ಕ ಹಾಕಿ, ಬಂದ ಉತ್ತರವನ್ನು ಮಿತಿಯ ಜೊತೆ ಹೋಲಿಸಿ ಪಾಸ್ ಫೇಲ್ ಹೇಳುವಷ್ಟು ಬಂದರೆ ಶುರು ಮಾಡಬಹುದು. ಅದಕ್ಕಿಂತ ಮುಖ್ಯ ಕ್ಯಾನ್ ಬಸ್. ಇಸಿಯುಗಳು ಒಂದಕ್ಕೊಂದು ಮಾತಾಡುವುದು ಅದರ ಮೂಲಕ. ಇದಕ್ಕೆ ದುಬಾರಿ ಬೆಂಚ್ ಬೇಡ, ಲಿನಕ್ಸ್ ಇರುವ ಲ್ಯಾಪ್‌ಟಾಪ್‌ನಲ್ಲಿ `can-utils` ಹಾಕಿಕೊಂಡು ಸುಳ್ಳು ಬಸ್ ಒಂದನ್ನು ಎಬ್ಬಿಸಬಹುದು:

```
sudo modprobe vcan
sudo ip link add dev vcan0 type vcan
sudo ip link set up vcan0
candump vcan0
```

ಇನ್ನೊಂದು ಟರ್ಮಿನಲ್‌ನಲ್ಲಿ `cansend vcan0 123#0352` ಅಂತ ಕೊಟ್ಟರೆ ಸಂದೇಶ ಇಲ್ಲಿ ಬಂದು ಬೀಳುತ್ತದೆ. ಹೆಕ್ಸಾಡೆಸಿಮಲ್‌ನ `0352` ಅಂದರೆ ದಶಮಾನದಲ್ಲಿ 850. ಪ್ರತಿ ಒಂದಕ್ಕೆ ಗಂಟೆಗೆ 0.01 ಕಿಮೀ ಎಂದು ನಿಗದಿಯಾಗಿದ್ದರೆ ಅದು ಗಂಟೆಗೆ 8.5 ಕಿಮೀ, ಮೇಲಿನ ಒಳಚಕ್ರದ ವೇಗ. ಆ ನಿಗದಿ ಬರೆದಿರುವುದು `.dbc` ಫೈಲಿನಲ್ಲಿ. ಪೈಥಾನ್‌ನ `cantools` ಅದನ್ನು ಓದಿ ಅರ್ಥ ಮಾಡಿಕೊಡುತ್ತದೆ. ಇಷ್ಟನ್ನು ಕೈಯಾರೆ ಮಾಡಿ ಇಂಟರ್‌ವ್ಯೂಗೆ ಹೋದರೆ ಮಾತಾಡಲು ವಿಷಯ ಇರುತ್ತದೆ.

ನಮ್ಮಂಥವರು ಎಡವುವುದು ಎಲೆಕ್ಟ್ರಿಕಲ್‌ನಲ್ಲಿ. ಬೆಂಚಿನಲ್ಲಿ ಸಂದೇಶವೇ ಬರದಿದ್ದಾಗ ಸಾಫ್ಟ್‌ವೇರ್‌ನಲ್ಲಿ ಹುಡುಕುತ್ತಾ ಕೂರುತ್ತೇವೆ. ಮೊದಲು ಪವರ್ ಆಫ್ ಮಾಡಿ ಕ್ಯಾನ್ ಹೈ ಮತ್ತು ಕ್ಯಾನ್ ಲೋ ತಂತಿಗಳ ನಡುವೆ ಮಲ್ಟಿಮೀಟರ್ ಇಡಿ. ಎರಡೂ ತುದಿಯಲ್ಲಿ 120 ಓಮ್ ರೆಸಿಸ್ಟರ್ ಇರಬೇಕು, ಅವು ಸಮಾಂತರವಾಗಿರುವುದರಿಂದ ಮೀಟರ್ ಸುಮಾರು 60 ತೋರಿಸಬೇಕು. 120 ತೋರಿಸಿದರೆ ಒಂದು ತುದಿಯದು ಇಲ್ಲ.

ಈ ದಾರಿಯ ಮಿತಿಗಳನ್ನೂ ಕೇಳಿಬಿಡಿ. ಬೆಂಚ್ ಆಫೀಸಿನಲ್ಲಿರುತ್ತದೆ, ಹಾಗಾಗಿ ಮನೆಯಿಂದ ಕೆಲಸ ಕಮ್ಮಿ. ಮುಂದೆ ವೆಬ್ ಕಡೆ ಹೋಗುವ ಆಸೆ ಇದ್ದರೆ ಈ ಅನುಭವ ಅಲ್ಲಿ ಅಷ್ಟು ನೆರವಾಗುವುದಿಲ್ಲ. ಮತ್ತೆ, ಇದೇ ಹೆಸರಿನಲ್ಲಿ ಎರಡು ಬೇರೆ ಕೆಲಸಗಳಿವೆ. ಒಂದರಲ್ಲಿ ನೀವು ರಿಕ್ವೈರ್‌ಮೆಂಟ್ ಓದಿ ಪರೀಕ್ಷೆ ಬರೆಯುತ್ತೀರಿ. ಇನ್ನೊಂದರಲ್ಲಿ ಬೇರೆಯವರು ಬರೆದ ಸ್ಕ್ರಿಪ್ಟ್ ಓಡಿಸಿ ಎಕ್ಸೆಲ್ ತುಂಬುತ್ತೀರಿ. ಎರಡನೆಯದರಲ್ಲಿ ಎರಡು ವರ್ಷ ಕಳೆದರೂ ಕಲಿಯುವುದು ಬಹಳ ಕಮ್ಮಿ. ಇಂಟರ್‌ವ್ಯೂ ಕೊನೆಯಲ್ಲಿ ನೇರ ಕೇಳಿ: ಟೆಸ್ಟ್ ಕೇಸ್ ಯಾರು ಬರೆಯುತ್ತಾರೆ, ಫೇಲ್ ಆದರೆ ಕಾರಣ ಹುಡುಕುವುದು ಯಾರು? ಎರಡಕ್ಕೂ ಬೇರೆ ತಂಡದ ಹೆಸರು ಹೇಳಿದರೆ ನಾನಾದರೆ ಸೇರುವುದಿಲ್ಲ.

ರೆಸ್ಯೂಮೆಯಲ್ಲಿ ಎರಡು ವರ್ಷವನ್ನೂ ಹಾಕಿ, ಆದರೆ ಬರೆಯುವ ರೀತಿ ಬದಲಿಸಿ. "ಕ್ವಾಲಿಟಿ ಎಂಜಿನಿಯರ್, ಇನ್ಸ್‌ಪೆಕ್ಷನ್ ನೋಡಿಕೊಳ್ಳುತ್ತಿದ್ದೆ" ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ನಾನು ಎರಡನೇ ಸಲ ಹೀಗೆ ಬರೆದಿದ್ದೆ: "ಬ್ರೇಕ್ ಹಾಕಿದಾಗ ಪೆಡಲ್ ನಡುಗುತ್ತದೆ ಎಂಬ ದೂರಿನ ಮೂಲ ಹುಡುಕಿದೆ. ಡ್ರಮ್‌ನ ರನ್‌ಔಟ್ ಮಿತಿ ಮೀರಿತ್ತು, ಕಾರಣ ಸವೆದ ಫಿಕ್ಸ್ಚರ್. ಅದನ್ನು ಮೊದಲೇ ಹಿಡಿಯುವ ತಪಾಸಣೆಯನ್ನು ಕಂಟ್ರೋಲ್ ಪ್ಲಾನ್‌ಗೆ ಸೇರಿಸಿದೆ." ಇಂಟರ್‌ವ್ಯೂನಲ್ಲಿ ಹೆಚ್ಚು ಹೊತ್ತು ಮಾತಾಡಿದ್ದು ಈ ಸಾಲಿನ ಬಗ್ಗೆಯೇ. ನೀವು ಬರೆದ 8ಡಿಗಳಲ್ಲಿ ಇಂಥದ್ದು ಎರಡೋ ಮೂರೋ ಇದ್ದೇ ಇರುತ್ತವೆ. ಕಸ್ಟಮರ್ ಹೆಸರು, ಡ್ರಾಯಿಂಗ್ ನಂಬರ್ ಬಿಟ್ಟು ಬರೆಯಿರಿ.