ರೆಸ್ಯೂಮೆ ಹಾಳೆಗೆ ಎಷ್ಟು, ಪ್ರಶ್ನೆಗೆ ಎಷ್ಟು?

ಪ್ರಶ್ನೆ: ಬೆಂಗಳೂರಿನಲ್ಲಿ ಎಂಟು ವರ್ಷ ಎಚ್‌ಆರ್ ಕೆಲಸ ಮಾಡಿ ಈಗ ದಾವಣಗೆರೆಯಲ್ಲಿದ್ದೇನೆ. ಪರಿಚಯದವರ ಮಕ್ಕಳು ರೆಸ್ಯೂಮೆ ಮಾಡಿಸಿಕೊಳ್ಳಲು, ಅಣಕು ಸಂದರ್ಶನಕ್ಕೆ ಬರುತ್ತಾರೆ. ದುಡ್ಡು ಕೇಳಲು ಸಂಕೋಚ. ಕೇಳಿದರೆ "ಜೆರಾಕ್ಸ್ ಅಂಗಡಿಯಲ್ಲಿ ನೂರು ರೂಪಾಯಿಗೆ ಮಾಡಿಕೊಡ್ತಾರೆ" ಅಂತಾರೆ. ಎಷ್ಟು ಕೇಳಬೇಕು, ಹೇಗೆ ಕೇಳಬೇಕು?

ಉತ್ತರ: ಜೆರಾಕ್ಸ್ ಅಂಗಡಿಯವರು ಟೈಪ್ ಮಾಡುವುದಕ್ಕೆ ದುಡ್ಡು ತಗೊಳ್ತಾರೆ. ನೀವೂ ಹಾಳೆಗಿಷ್ಟು ಅಂತ ಹೇಳಿದರೆ ಅವರ ಜೊತೆಗೇ ತೂಗಿಸಿಕೊಳ್ಳುತ್ತೀರಿ. ನೀವು ಮಾರಬೇಕಾದದ್ದು ಪ್ರಶ್ನೆ ಕೇಳುವ ಕೆಲಸವನ್ನು.

ಬಿಸಿಎ ಮುಗಿಸಿದ ಒಬ್ಬ ಹುಡುಗ ನನ್ನ ಹತ್ತಿರ ಬಂದಿದ್ದ. ಅವನ ರೆಸ್ಯೂಮೆಯಲ್ಲಿ ಪ್ರಾಜೆಕ್ಟ್ ಬಗ್ಗೆ ಇದ್ದದ್ದು ಒಂದೇ ಸಾಲು: ಹಾಸ್ಟೆಲ್ ಮೆಸ್‌ಗೆ ಸಾಫ್ಟ್‌ವೇರ್ ಮಾಡಿದ್ದೇವೆ. ಗುಂಪಿನಲ್ಲಿ ಎಷ್ಟು ಜನ ಅಂದೆ. ನಾಲ್ಕು. ನಿನ್ನ ಪಾಲಿನ ಕೆಲಸ ಯಾವುದು? ತಿಂಗಳ ಬಿಲ್ ಲೆಕ್ಕ. ಲೆಕ್ಕ ಸರಿ ಬಂತು ಅಂತ ಹೇಗೆ ಗೊತ್ತಾಯಿತು? ಸ್ವಲ್ಪ ಹೊತ್ತು ಸುಮ್ನಿದ್ದು ಹೇಳಿದ: ವಾರ್ಡನ್ ಪುಸ್ತಕದ ಜೊತೆ ಒಂದು ತಿಂಗಳು ತಾಳೆ ನೋಡಿದ್ದನಂತೆ, ರಜೆ ಹಾಕಿದ ದಿನಗಳಲ್ಲಿ ವ್ಯತ್ಯಾಸ ಸಿಕ್ಕಿತ್ತಂತೆ, ಅದನ್ನು ಅವನೇ ಸರಿ ಮಾಡಿದ್ದನಂತೆ. ರೆಸ್ಯೂಮೆಗೆ ಹೋಗಬೇಕಾದ ಸಾಲು ಇದು! ಇದನ್ನು ಹೊರತೆಗೆಯಲು ಇಪ್ಪತ್ತು ನಿಮಿಷ ಹಿಡಿಯಿತು. ಟೈಪ್ ಮಾಡಲು ಒಂದೇ ನಿಮಿಷ.

ಅಣಕು ಸಂದರ್ಶನದಲ್ಲೂ ಅದನ್ನೇ ಕೆದಕಿದೆ. ಅವನು ಪೂರ್ತಿ "ವೀ ಡಿಡ್, ವೀ ಡಿಡ್" ಅಂದ. ನಮ್ಮ ಮಕ್ಕಳಿಗೆ "ನಾನು ಮಾಡಿದೆ" ಅಂದರೆ ಜಂಬ ಅನ್ನಿಸುತ್ತದೆ, ಅಲ್ವಾ? ಫೋನಿನಲ್ಲಿ ರೆಕಾರ್ಡ್ ಮಾಡಿದ್ದನ್ನು ಕೇಳಿಸಿದ ಮೇಲೆ ಅವನಿಗೇ ತಿಳಿಯಿತು. ಎರಡನೇ ಸಲ ತಾನೇ ತಿದ್ದಿಕೊಂಡ. ಅದಕ್ಕೇ ಒಂದು ರೆಸ್ಯೂಮೆ, ಎರಡು ಅಣಕು ಸಂದರ್ಶನ, ಇಷ್ಟನ್ನೂ ಒಟ್ಟಿಗೆ ಕೊಡಿ. ಸಂದರ್ಶನದಲ್ಲಿ ವಿವರಿಸಲಾಗದ ಸಾಲು ರೆಸ್ಯೂಮೆಯಲ್ಲಿ ಇರಬಾರದು ಅನ್ನುವುದೂ ಆಗಲೇ ಗೊತ್ತಾಗುವುದು.

ಈಗ ದರಕ್ಕೆ ಬರೋಣ. ನಿಮ್ಮ ಹಳೆಯ ಸಂಬಳ ತಿಂಗಳಿಗೆ 45,000 ಇತ್ತು ಅಂದುಕೊಳ್ಳಿ. ತಿಂಗಳಿಗೆ 180 ಗಂಟೆ ಕೆಲಸವಾದರೆ ಗಂಟೆಗೆ 250 ಆಯಿತು. ಈಗ ಪಿಎಫ್ ಇಲ್ಲ, ರಜೆಗೆ ಸಂಬಳ ಇಲ್ಲ, ಇಂಟರ್ನೆಟ್ಟೂ ನಿಮ್ಮದೇ. 300 ಇಟ್ಟುಕೊಳ್ಳಿ. ಒಂದು ರೆಸ್ಯೂಮೆಗೆ ಮಾತುಕತೆ 40 ನಿಮಿಷ, ಬರೆಯಲು ಒಂದು ಗಂಟೆ, ತಿದ್ದುಪಡಿ ಮತ್ತು ವಾಟ್ಸಾಪ್ ಪ್ರಶ್ನೆಗಳಿಗೆ 50 ನಿಮಿಷ. ಒಟ್ಟು ಎರಡೂವರೆ ಗಂಟೆ, 750 ರೂಪಾಯಿ. ಅಣಕು ಸಂದರ್ಶನವೊಂದಕ್ಕೆ ತಯಾರಿ, ಪ್ರಶ್ನೋತ್ತರ, ಆಮೇಲಿನ ಸಲಹೆ ಎಲ್ಲ ಸೇರಿ ಒಂದೂವರೆ ಗಂಟೆ, 450. ಎರಡಕ್ಕೆ 900. ಒಟ್ಟು 1,650 ಬರುತ್ತದೆ, 1,500 ಅಂತ ಹೇಳಿ. ಊರಿನ ಹುಡುಗರಿಗೆ ಇದು ಜಾಸ್ತಿ ಅನ್ನಿಸಿದರೆ ದರ ಇಳಿಸಬೇಡಿ, ಒಂದು ಸಂದರ್ಶನ ಕಡಿಮೆ ಮಾಡಿ ಕೊಡಿ.

ನಷ್ಟವಾಗುವುದು ಆ ವಾಟ್ಸಾಪ್ 50 ನಿಮಿಷದಲ್ಲೇ. ಶುರುವಿನಲ್ಲಿ ನಾನು ಇದಕ್ಕೆ ಮಿತಿ ಹಾಕಿರಲಿಲ್ಲ. ಒಬ್ಬನಿಗೆ ಫಾಂಟ್ ಬದಲಿಸಿ ಬದಲಿಸಿ ಹನ್ನೊಂದು ಸಲ ಫೈಲ್ ಕಳಿಸಿದ್ದೆ. ಒಂದು ವಾರದೊಳಗೆ ಎರಡು ತಿದ್ದುಪಡಿ, ಆಮೇಲೆ ಬೇರೆ ದುಡ್ಡು ಅಂತ ಮೊದಲೇ ಮೆಸೇಜ್ ಹಾಕಿ. ಅರ್ಧ ಹಣ ಮೊದಲೇ ಯುಪಿಐ ಮಾಡಿಸಿಕೊಳ್ಳಿ, ಉಳಿದರ್ಧ ಮೊದಲ ಅಣಕು ಸಂದರ್ಶನದ ಹಿಂದಿನ ದಿನ. ದುಡ್ಡು ಕೊಡದವರು ಸಂದರ್ಶನಕ್ಕೆ ಕೈಕೊಡುವುದು ಹೆಚ್ಚು.

ಫೈಲ್ ಕೊಡುವ ಮುಂಚೆ ಒಂದು ಪರೀಕ್ಷೆ ಮಾಡಿ. ಪಿಡಿಎಫ್‌ನಲ್ಲಿರುವುದನ್ನೆಲ್ಲ ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ. ಎರಡು ಕಾಲಮ್ಮಿನ ಚೆಂದದ ವಿನ್ಯಾಸವಾದರೆ ಕಾಲೇಜಿನ ಹೆಸರು ಹಾಬಿಗಳ ನಡುವೆ ಹೋಗಿ ಕೂತಿರಬಹುದು. ಅರ್ಜಿಗಳನ್ನು ಸೋಸುವ ಕಂಪನಿಯ ಸಾಫ್ಟ್‌ವೇರಿಗೂ ಅದು ಹೀಗೇ ಕಲಸಿಕೊಂಡು ಕಾಣುವ ಅಪಾಯ ಇದೆ. ಒಂದೇ ಕಾಲಮ್, ಒಂದೇ ಪುಟ ಸಾಕು.

ಕೆಲವರು "ಕೆಲಸ ಸಿಕ್ಕ ಮೇಲೆ ಮೊದಲ ಸಂಬಳದಲ್ಲಿ ಕೊಡ್ತೀನಿ" ಅಂತಾರೆ. ಒಪ್ಪಬೇಡಿ. ಆಫರ್ ಬಂದರೂ ಸೇರುವ ದಿನಾಂಕ ತಿಂಗಳುಗಟ್ಟಲೆ ಮುಂದೆ ಹೋಗುವುದುಂಟು. ಅದಕ್ಕಿಂತ ದೊಡ್ಡ ತೊಂದರೆ ಅಂದರೆ, ದುಡ್ಡು ತಗೊಂಡು ಕೆಲಸ ಕೊಡಿಸುವವರ ಸಾಲಿಗೆ ಜನ ನಿಮ್ಮನ್ನೂ ಸೇರಿಸಿಬಿಡುತ್ತಾರೆ. "ನಾನು ಕೆಲಸ ಕೊಡಿಸುವುದಿಲ್ಲ, ತಯಾರಿ ಮಾತ್ರ ಮಾಡಿಸುತ್ತೇನೆ" ಅಂತ ಆ ಮೊದಲ ಮೆಸೇಜಿನಲ್ಲೇ ಬರೆಯಿರಿ.

ಮುಂದೆ ಕಾಲೇಜಿನವರೂ ಕರೆಯಬಹುದು. ಅವರಿಗೆ ತಲೆಗಿಷ್ಟು ಅನ್ನಬೇಡಿ, ದಿನಕ್ಕಿಷ್ಟು ಅನ್ನಿ. ಅರವತ್ತು ಮಕ್ಕಳನ್ನು ಒಂದೇ ದಿನ ಮುಗಿಸಿ ಅಂತಾರೆ, ಆದರೆ ಸರಿಯಾಗಿ ಮಾಡಿದರೆ ಏಳೆಂಟು ಜನರಿಗಿಂತ ಜಾಸ್ತಿ ಆಗುವುದಿಲ್ಲ. ಬೆಳಿಗ್ಗೆ ಎಲ್ಲರಿಗೂ ರೆಸ್ಯೂಮೆ ಹೇಳಿಕೊಡಿ. ಮಧ್ಯಾಹ್ನ ಕೈ ಎತ್ತಿದ ನಾಲ್ವರ ಸಂದರ್ಶನವನ್ನು ಉಳಿದವರ ಎದುರಿಗೇ ಮಾಡಿ. ಅವರಲ್ಲಿ ಕೆಲವರು ಸಂಜೆ ನಿಮ್ಮ ನಂಬರ್ ಕೇಳಿಕೊಂಡು ಬರುತ್ತಾರೆ.